ಎಚ್ಚರಿಕೆ ಪತ್ರಕ್ಕೆ ಲಿಖಿತ ಉತ್ತರ

ಚಿಕ್ಕಮಗಳೂರು
19-1-2026

ವ್ಯವಸ್ಥಾಪಕರಿಗೆ,
ಕಾಫಿ ಸಂಸ್ಕರಣಾ ಘಟಕ

ಮಾನ್ಯರೇ,

ತಮ್ಮ 14-1-2026ರ ಪತ್ರ ತಲುಪಿದೆ. ಜನವರಿ 9ರಂದು ನಾನು ತೇವಾಂಶ ಪರೀಕ್ಷಿಸದೆ ಪಾರ್ಚ್‌ಮೆಂಟ್ ಕಾಫಿಯನ್ನು ಗೋದಾಮಿಗೆ ಬಿಟ್ಟೆನೆಂದೂ, ಅನುಮತಿಯಿಲ್ಲದೆ ಹೊರಟೆನೆಂದೂ ಅದರಲ್ಲಿದೆ. ಇವೆರಡನ್ನೂ ವಿನಯದಿಂದಲೇ ಅಲ್ಲಗಳೆಯುತ್ತೇನೆ.

ಅಂದು ಬೆಳಿಗ್ಗೆ ಆಲ್ದೂರು ಕಡೆಯಿಂದ ಬಂದ ಲಾರಿಯ ಮಾದರಿಯನ್ನು ನಾನೇ ಪರೀಕ್ಷಿಸಿದೆ. ತೇವಾಂಶ ಶೇ 12.4 ಬಂದಿತು. ನಮ್ಮ ಮಿತಿ ಶೇ 10 ಆದ್ದರಿಂದ ಚೀಲಗಳನ್ನು ಕಣದ ಪಕ್ಕ ಪ್ರತ್ಯೇಕವಾಗಿ ಇರಿಸಿ, ಒಳಬರುವ ಸರಕಿನ ವಹಿಯಲ್ಲಿ ಬರೆದು ಸಹಿ ಮಾಡಿದ್ದೇನೆ. ಅವು ಗೋದಾಮು ಸೇರಿದ್ದು ಸಂಜೆಯ ಪಾಳಿಯಲ್ಲಿ. ಯಾರ ಸೂಚನೆಯಂತೆ ಎಂಬುದು ನನಗೆ ತಿಳಿಯದು. ಯಾರನ್ನೂ ದೂರುವ ಉದ್ದೇಶವೂ ಇಲ್ಲ. ನಾನು ಹೊರಟದ್ದು ಪಾಳಿ ಮುಗಿದ ಮೇಲೆ, 2 ಗಂಟೆಗೆ. ಹಾಜರಿ ಯಂತ್ರದಲ್ಲಿ ದಾಖಲಾಗಿದೆ.

ಹಸಿ ಕಾಫಿಗೆ ಬೂಸ್ಟು ಹಿಡಿದರೆ ಬೆಳೆಗಾರರಿಗೂ ನಮಗೂ ನಷ್ಟ. ತಮ್ಮ ಕಳವಳ ನ್ಯಾಯವಾದದ್ದೇ. ತಡೆಹಿಡಿದ ಚೀಲಗಳಿಗೆ ಕೆಂಪು ಚೀಟಿ ಕಟ್ಟಿ, ಪಾಳಿ ಬದಲಾಗುವಾಗ ಇಬ್ಬರೂ ಸಹಿ ಮಾಡುವ ಪದ್ಧತಿ ತರಬಹುದು. ಅದರ ಹೊಣೆ ಹೊರಲು ನಾನು ಸಿದ್ಧ.

ದಾಖಲೆ ಪರಿಶೀಲಿಸಿ ಎಚ್ಚರಿಕೆಯನ್ನು ಹಿಂಪಡೆಯಬೇಕೆಂದೂ, ಈ ಉತ್ತರವನ್ನು ನನ್ನ ಸೇವಾ ಕಡತಕ್ಕೆ ಸೇರಿಸಿ ಸ್ವೀಕೃತಿ ನೀಡಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಗೋದಾಮು ಮೇಲ್ವಿಚಾರಕ, ಬೆಳಗಿನ ಪಾಳಿ

ಲಗತ್ತು: ವಹಿಯ ಪುಟದ ನಕಲು