ಎಂಒ ಬಂದ ಮನೆಗಳು

ಆಡಿಯೊ ಕಥೆ, ಒಂದೇ ಕಂತು.
ನಿರೂಪಕಿ: ಚೈತ್ರಾ, ಮೂವತ್ತರ ಹರೆಯ, ತುಮರಿ ಕಡೆಯ ಹುಡುಗಿ. ಸಂದರ್ಶನಗಳು ಆಯಾ ಜಾಗದಲ್ಲೇ ಮುದ್ರಿಸಿದ ಹಾಗೆ ಕೇಳಬೇಕು. ಹಿನ್ನೆಲೆ ಸಂಗೀತ ಎಲ್ಲೂ ಬೇಡ. ಮಾತಿನ ನಡುವಿನ ಮೌನವನ್ನು ಕತ್ತರಿಸಬಾರದು.

[ಧ್ವನಿ: ಸೇತುವೆ ಮೇಲೆ ಗಾಳಿ. ಒಂದು ಬೈಕ್ ಹತ್ತಿರ ಬಂದು ದಾಟಿ ಹೋಗುತ್ತದೆ.]

ಚೈತ್ರಾ: ನಾನೀಗ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಮೇಲೆ ನಿಂತಿದ್ದೇನೆ. ಕೆಳಗೆ ಶರಾವತಿ ಹಿನ್ನೀರು. 2025ರ ಜುಲೈ ತನಕ ಇಲ್ಲಿ ಲಾಂಚ್ ಒಂದೇ ದಾರಿ. ಲಾಂಚ್ ನಿಂತರೆ ಸಾಗರ ದೂರ ಆಗುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಹಿರಿಯರ ಗದ್ದೆ, ತೋಟ, ಮನೆ ನೀರಿಗೆ ಹೋಯಿತು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರಕ್ಕೆ ನಮ್ಮ ಜನ ಇವತ್ತಿಗೂ ಅಲೆಯುತ್ತಿದ್ದಾರೆ.

ಗಣಪತಿ ಅಲೆದದ್ದೂ ಅದಕ್ಕೇ. 2001ರ ಮೇ ತಿಂಗಳ ಒಂದು ಬೆಳಿಗ್ಗೆ ಅವರ ಚಪ್ಪಲಿ ಮತ್ತು ಟವೆಲ್ ಹಿನ್ನೀರಿನ ದಡದಲ್ಲಿ ಸಿಕ್ಕವು. ವಯಸ್ಸು ಮೂವತ್ತೆಂಟು. ಹೆಣ ಸಿಗಲಿಲ್ಲ. ನಮ್ಮೂರಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಗಣಪಣ್ಣ ನೀರಿಗೆ ಹೋದ.

[ಧ್ವನಿ: ಗಾಳಿ ನಿಲ್ಲುತ್ತದೆ. ಹಳೆಯ ಫ್ಯಾನ್ ಸದ್ದು. ಸ್ಟೀಲ್ ಲೋಟ ಮೇಜಿನ ಮೇಲೆ ಇಟ್ಟದ್ದು.]

ನಿವೃತ್ತ ಹೆಡ್ ಕಾನ್‌ಸ್ಟೆಬಲ್: ಮಹಜರು ಬರೆದಿದ್ದು ನಾನೇ. ಚಪ್ಪಲಿ ಜೋಡಿಸಿ ಇಟ್ಟಿದ್ದ. ಟವೆಲ್ ಮಡಚಿತ್ತು. ಎರಡು ದಿನ ದೋಣಿಯಲ್ಲಿ ಹುಡುಕಿದ್ವಿ.

ಚೈತ್ರಾ: ಆಮೇಲೆ, ಸರ್?

ಕಾನ್‌ಸ್ಟೆಬಲ್: ಹಿನ್ನೀರಲ್ಲಿ ಮುಳುಗಿದ ಮರದ ಬೊಡ್ಡೆ ಇರ್ತವೆ. ಅದಕ್ಕೆ ಸಿಕ್ಕಿಕೊಂಡ್ರೆ ಹೆಣ ಮೇಲೆ ಬರಲ್ಲ. ಹಾಗಂತ ಎಲ್ಲರೂ ಒಪ್ಕೊಂಡ್ರು. ನನಗೆ ಒಂದು ವಿಷಯ ಮಾತ್ರ ಸರಿ ಹೋಗಿರಲಿಲ್ಲ.

ಚೈತ್ರಾ: ಏನದು?

ಕಾನ್‌ಸ್ಟೆಬಲ್: ಮನೇಲಿ ಒಂದು ಲೆಕ್ಕದ ಪುಸ್ತಕ ಇರಬೇಕಿತ್ತು. ಯಾರ್‍ಯಾರ ಹತ್ರ ಎಷ್ಟು ದುಡ್ಡು ತಗೊಂಡ ಅಂತ. ಮನೆಯೆಲ್ಲ ಹುಡುಕಿದ್ವಿ, ಸಿಗಲಿಲ್ಲ. ಅಲ್ಲಮ್ಮ, ಸಾಯೋಕೆ ಹೋಗೋನಿಗೆ ಲೆಕ್ಕದ ಪುಸ್ತಕ ಯಾಕೆ?

ಚೈತ್ರಾ: ದುಡ್ಡಿನ ವಿಷಯ ಹೀಗೆ. ಸಾಗರದಿಂದ ಒಬ್ಬ ದಲ್ಲಾಳಿ ಬಂದಿದ್ದ. ಅರ್ಜಿ, ನಕ್ಷೆ, ಸರ್ವೆ ಎಲ್ಲ ತಾನೇ ಮಾಡಿಸುತ್ತೇನೆ, ಮನೆಗೆ ಒಂದೂವರೆ ಸಾವಿರ ಕೊಡಿ ಅಂದ. ಗಣಪತಿ ಓದು ಬರಹ ಬಲ್ಲವರು, ಊರಿಗೆ ನಂಬಿಕೆಯ ಮನುಷ್ಯ. ಮೂವತ್ತೆಂಟು ಮನೆಯಿಂದ ಅವರೇ ದುಡ್ಡು ಎತ್ತಿ ಕೊಟ್ಟರು. 57,000 ರೂಪಾಯಿ. ದಲ್ಲಾಳಿ ಮತ್ತೆ ಬರಲಿಲ್ಲ.

[ಧ್ವನಿ: ದಡಕ್ಕೆ ನೀರು ಬಡಿಯುವುದು. ಮೀನಿನ ಬಲೆ ಕೊಡವುವ ಸದ್ದು.]

ಲಾಂಚ್‌ನಲ್ಲಿ ಕೆಲಸ ಮಾಡಿದವರು: ಆ ದಿನ ಲಾಂಚ್ ಹತ್ತಿಲ್ಲ. ಹತ್ತಿದ್ರೆ ನನಗೆ ಗೊತ್ತಾಗದೆ ಇರ್ತಿತ್ತಾ? ದಿನಾ ನೋಡೋ ಮುಖ.

ಚೈತ್ರಾ: ಲಾಂಚ್ ಬಿಟ್ಟರೆ ಊರಿಂದ ಹೊರಗೆ ಹೋಗೋಕೆ ದಾರಿ ಇರಲಿಲ್ಲ, ಅಲ್ವಾ ಅಣ್ಣಾ?

ಲಾಂಚ್‌ನವರು: ಯಾರು ಹೇಳಿದ್ದು? ಸಾಗರಕ್ಕೆ ಹೋಗೋಕೆ ಲಾಂಚ್ ಬೇಕು ಮಾರಾಯ್ತಿ. ಕೊಲ್ಲೂರಿಗೆ ಹೋಗೋಕೆ ಬೇಡ. ನಾಗೋಡಿ ಘಾಟಿ ಇಳಿದ್ರೆ ಆಯ್ತು.

[ಮೌನ. ಬಲೆಯ ಸದ್ದು ಮಾತ್ರ.]

ಲಾಂಚ್‌ನವರು: ನಾವೆಲ್ಲ ನೀರಿನ ಕಡೆಗೇ ನೋಡ್ತಾ ನಿಂತ್ವಿ. ಚಪ್ಪಲಿ ಅಲ್ಲಿತ್ತಲ್ಲ.

ಚೈತ್ರಾ: ಆ ಮಾತು ಕೇಳಿದ ಮೇಲೆ ನಾನು ಗಣಪತಿ ದುಡ್ಡು ಎತ್ತಿದ ಮನೆಗಳಿಗೆ ಹೋಗೋಕೆ ಶುರು ಮಾಡಿದೆ. ಸಿಟ್ಟು ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ಬೇರೆ.

[ಧ್ವನಿ: ಅಡಿಕೆ ಸುಲಿಯುವ ಸದ್ದು, ಮೆಟ್ಟುಗತ್ತಿಯ ಲಯ. ಹೊರಗೆ ಕೋಳಿ.]

ಗೌರಮ್ಮ: ಅವನ ಬಗ್ಗೆ ಕೆಟ್ಟದ್ದು ನನ್ನ ಬಾಯಲ್ಲಿ ಬರಲ್ಲ.

ಚೈತ್ರಾ: ನಿಮ್ಮ ದುಡ್ಡು ಹೋಯ್ತಲ್ಲ, ಅತ್ತೆ?

[ಸುಲಿಯುವ ಸದ್ದು ನಿಲ್ಲುತ್ತದೆ.]

ಗೌರಮ್ಮ: ಅದನ್ನ ಆಫ್ ಮಾಡ್ತೀಯಾ?

ಚೈತ್ರಾ: ನಾನು ಮುದ್ರಣ ನಿಲ್ಲಿಸಿದೆ. ಗೌರತ್ತೆ ಒಳಗೆ ಹೋಗಿ ಬಿಸ್ಕತ್ ಡಬ್ಬಿ ತಂದರು. ಒಳಗೆ ಮನಿ ಆರ್ಡರ್ ಫಾರಂನ ಮೂರು ತುಂಡು ಇದ್ದವು. ದುಡ್ಡು ಕೊಡುವಾಗ ಪೋಸ್ಟ್‌ಮ್ಯಾನ್ ಹರಿದು ಕೈಗಿಡುತ್ತಿದ್ದ ಭಾಗ. ಒಂದೊಂದರಲ್ಲೂ ಐನೂರು. ಮೂರೂ ಸೇರಿ ಒಂದೂವರೆ ಸಾವಿರ. ಸುದ್ದಿ ಬರೆಯುವ ಜಾಗ ಖಾಲಿ. ಆಮೇಲೆ ಅವರೇ ಆನ್ ಮಾಡು ಅಂದರು.

ಗೌರಮ್ಮ: 2003ರಲ್ಲಿ ಬಂತು. ನಮಗೊಬ್ಬರಿಗೇ ಕಳಿಸಿದ್ದಾನೆ ಅಂದ್ಕೊಂಡೆ. ನಮ್ಮದು ಅಷ್ಟು ಕಷ್ಟ ಇತ್ತು. ಊರಿಗೆ ಗೊತ್ತಾದ್ರೆ ಉಳಿದವರು ಏನಂತಾರೆ? ಪೊಲೀಸಿನವರು ಅವನನ್ನ ಹಿಡಿದ್ರೆ? ಅದಕ್ಕೆ ಬಾಯಿ ಮುಚ್ಕೊಂಡೆ.

ಚೈತ್ರಾ: ಪಕ್ಕದ ಮನೆಯಲ್ಲೂ ಇದೇ ಮಾತು. ಗದ್ದೆ ಆಚೆಯ ಮನೆಯಲ್ಲೂ ಇದೇ. ಎಲ್ಲರೂ ತಮಗೊಬ್ಬರಿಗೇ ಬಂತು ಅಂತ ನಂಬಿದ್ದರು. ಇಪ್ಪತ್ತು ವರ್ಷ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ಆ ರಾತ್ರಿ ನಾನು ಮನೆಗೆ ಫೋನ್ ಮಾಡಿ ಇದನ್ನು ಹೇಳಿದೆ.

[ಧ್ವನಿ: ಫೋನ್ ಮಾತು, ಸ್ವಲ್ಪ ಒಡೆದ ದನಿ.]

ಚೈತ್ರಾಳ ಅಮ್ಮ: ಚೈತೂ... ನಿನ್ನ ಅಜ್ಜಿಗೂ ಬಂದಿತ್ತು ಕಣೇ.

[ಧ್ವನಿ: ಜಗಲಿ. ಮಳೆ ಹನಿ ತಗಡಿನ ಮೇಲೆ.]

ಚೈತ್ರಾ: ಇವರು ನಮ್ಮ ಕಡೆ ಪೋಸ್ಟ್‌ಮ್ಯಾನ್ ಆಗಿದ್ದವರು. ಮಾತಾಡಲ್ಲ ಅಂತ ಎರಡು ಸಲ ವಾಪಸ್ ಕಳಿಸಿದ್ದರು.

ಪೋಸ್ಟ್‌ಮ್ಯಾನ್: ಒಬ್ಬರ ಎಂಒ ವಿಷಯ ಇನ್ನೊಬ್ಬರಿಗೆ ಹೇಳಬಾರದು. ಅದು ಕೆಲಸದ ನಿಯಮ. ಜನ ತಾವಾಗೇ ಹೇಳಿದ ಮೇಲೆ ನಾನು ಹೇಳದೆ ಇರೋದ್ರಲ್ಲಿ ಅರ್ಥ ಇಲ್ಲ.

ಚೈತ್ರಾ: ಒಟ್ಟು ಎಷ್ಟು ಮನೆಗೆ ಬಂತು, ಅಜ್ಜಾ?

ಪೋಸ್ಟ್‌ಮ್ಯಾನ್: ಮೂವತ್ತೊಂದು. 2002ರಿಂದ 2008ರ ತನಕ. ಒಂದು ಮನೆಗೆ ಮೂರು ಮುಗಿದ ಮೇಲೆ ಇನ್ನೊಂದು ಮನೆ. ಐನೂರು ಕಳಿಸೋಕೆ ಇಪ್ಪತ್ತೈದು ರೂಪಾಯಿ ಕಮಿಷನ್. ಅದೂ ಅವನ ಕೈಯಿಂದಲೇ.

ಚೈತ್ರಾ: ಅವನ ಅಂದ್ರೆ? ಕಳಿಸಿದವರ ಹೆಸರು ಏನಿತ್ತು?

ಪೋಸ್ಟ್‌ಮ್ಯಾನ್: ಹುಚ್ಚಪ್ಪ. ಮಲ್ಪೆ ಬಂದರು, ಒಂದು ಬೋಟ್ ಮಾಲೀಕರ ವಿಳಾಸ. ಹುಚ್ಚಪ್ಪ ಅಂದ್ರೆ ಗಣಪತಿಯ ಅಪ್ಪ. ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ನನಗೆ ಮೊದಲ ಫಾರಂನಲ್ಲೇ ಗೊತ್ತಾಯ್ತು.

ಚೈತ್ರಾ: ಪ್ರತಿ ತಿಂಗಳೂ ಬರ್ತಿತ್ತಾ?

ಪೋಸ್ಟ್‌ಮ್ಯಾನ್: ಇಲ್ಲ. ಮಳೆಗಾಲ ಶುರುವಾದ್ರೆ ನಿಲ್ಲೋದು. ಜೂನ್, ಜುಲೈ ಒಂದೂ ಇಲ್ಲ. ಆಗಸ್ಟ್ ಕಳೆದ ಮೇಲೆ ಮತ್ತೆ.

ಚೈತ್ರಾ: ಮಳೆಗಾಲದಲ್ಲಿ ಕರಾವಳಿಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಸರ್ಕಾರದ ನಿಷೇಧ ಇರುತ್ತದೆ. ಬೋಟ್ ನಿಂತರೆ ಕೂಲಿಯೂ ನಿಲ್ಲುತ್ತದೆ.

[ಧ್ವನಿ: ಮಲ್ಪೆ ಬಂದರು. ಐಸ್ ಒಡೆಯುವ ಸದ್ದು, ಬೋಟ್ ಎಂಜಿನ್, ಕಾಗೆ, ಕೂಗಾಟ.]

ಬೋಟಿನ ಹಳೆಯ ತಂಡೇಲ: ಹುಚ್ಚಪ್ಪಣ್ಣನಾ? ಘಟ್ಟದ ಮೇಲಿನವರು. ಬಂದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಮ್ಮ ಬೋಟಲ್ಲಿ ಬಲೆ ಕೆಲಸ, ಆಮೇಲೆ ಅಡುಗೆ. ಕುಡಿತ ಇಲ್ಲ. ರಾತ್ರಿ ಒಂದು ಪುಸ್ತಕ ತೆಗೆದು ಗೆರೆ ಎಳೀತಿದ್ರು.

ಚೈತ್ರಾ: ಈಗ ಎಲ್ಲಿದ್ದಾರೆ?

ತಂಡೇಲ: ಒಂದು ದಿನ ಅವರು ಕಳಿಸಿದ ಎಂಒ ವಾಪಸ್ ಬಂತು. ದುಡ್ಡು ಕೈಲಿ ಹಿಡ್ಕೊಂಡು ಬೋಟಿನ ಅಂಚಲ್ಲೇ ಕೂತಿದ್ರು. ಊಟ ಮಾಡಲಿಲ್ಲ. ಆ ವರ್ಷ ದೀಪಾವಳಿಗೆ ಮುಂಚೆ ಲೆಕ್ಕ ತೀರಿಸ್ಕೊಂಡು ಹೋದ್ರು. ಗೋವಾ ಕಡೆ ಅಂದ್ರು, ರತ್ನಗಿರಿ ಅಂದ್ರು. ನಮಗೆ ಗೊತ್ತಿಲ್ಲ.

ಚೈತ್ರಾ: ವಾಪಸ್ ಬಂದದ್ದು ಯಾವ ಮನೆಯಿಂದ? ಪೋಸ್ಟ್‌ಮ್ಯಾನ್ ಅಜ್ಜ ಅದನ್ನು ಮಾತ್ರ ಹೇಳಲಿಲ್ಲ. ‘ಅದನ್ನ ಅವರ ಬಾಯಲ್ಲೇ ಕೇಳು’ ಅಂದರು. ಕೇಳುವುದಕ್ಕೆ ಉಳಿದಿದ್ದದ್ದು ಒಬ್ಬರೇ.

[ಧ್ವನಿ: ಅಡುಗೆಮನೆ. ಒಲೆಯಲ್ಲಿ ಕಟ್ಟಿಗೆ ಚಟಪಟ. ಈ ಸಂದರ್ಶನ ಉದ್ದ, ಮೈಕ್ ಹತ್ತಿರ ಇರಲಿ.]

ಚೈತ್ರಾ: ಸಾವಿತ್ರಕ್ಕ, ಗಣಪತಿಯವರ ಅಕ್ಕ. ಎಪ್ಪತ್ತು ದಾಟಿದೆ. 2008ರ ಜುಲೈನಲ್ಲಿ ಇವರು ಸಾಗರದ ಕೋರ್ಟಿಗೆ ಹೋದರು. ಆಗಿನ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಪ್ರಕಾರ, ಒಬ್ಬರ ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಸುದ್ದಿ ತಿಳಿಯದಿದ್ದರೆ ಅವರು ಸತ್ತಿದ್ದಾರೆ ಅಂತ ಕೋರ್ಟ್ ತಿಳಿಯಬಹುದು.

ಸಾವಿತ್ರಕ್ಕ: ಹಕ್ಕುಪತ್ರದ ಅರ್ಜಿ ಅವನ ಹೆಸರಲ್ಲಿತ್ತು. ಫೈಲು ನನ್ನ ಹೆಸರಿಗೆ ಆಗಬೇಕು ಅಂದ್ರೆ ಅವನು ಸತ್ತ ಕಾಗದ ತನ್ನಿ ಅಂದ್ರು. ವಕೀಲರು ಬರೆದಿದ್ದಕ್ಕೆ ಸಹಿ ಹಾಕಿದೆ. ಯಾವ ಸುದ್ದಿಯೂ ಇಲ್ಲ ಅಂತ.

ಚೈತ್ರಾ: ಆಗ ನಿಮಗೆ ಎಂಒ ವಿಷಯ ಗೊತ್ತಿತ್ತಾ, ಅಕ್ಕಾ?

[ಒಲೆ ಊದುವ ಸದ್ದು. ಉತ್ತರಕ್ಕೆ ಕಾಯಬೇಕು.]

ಸಾವಿತ್ರಕ್ಕ: ಆ ಲೆಕ್ಕದ ಪುಸ್ತಕ ಬರೆದಿದ್ದು ಯಾರು ಅಂದ್ಕೊಂಡೆ? ಅವನು ಹೇಳ್ತಿದ್ದ, ನಾನು ಬರೀತಿದ್ದೆ. ನನ್ನ ಅಕ್ಷರ ಚೆನ್ನಾಗಿತ್ತು. ಯಾವ ಮನೆ ಮೊದಲು, ಯಾವುದು ಆಮೇಲೆ, ಎಲ್ಲ ನನಗೆ ಬಾಯಿಪಾಠ. ಪೋಸ್ಟ್‌ಮ್ಯಾನ್ ಸೈಕಲ್ ಮೊದಲ ಮನೆಗೆ ಹೋಯ್ತು. ಮುಗೀತು. ಎರಡನೇ ಮನೆ. ಮೂರನೇ ಮನೆ. ಹತ್ತನೇ ಮನೆಗೆ ಬರುವಷ್ಟರಲ್ಲಿ ನನಗೆ ಗೊತ್ತಾಗಿ ಹೋಯ್ತು, ಅವನು ಪುಸ್ತಕ ನೋಡ್ಕೊಂಡು ಕಳಿಸ್ತಿದ್ದಾನೆ ಅಂತ.

ಚೈತ್ರಾ: ನಿಮ್ಮ ಮನೆ?

ಸಾವಿತ್ರಕ್ಕ: ಮೂವತ್ತೆರಡು.

ಚೈತ್ರಾ: ಅಂದ್ರೆ ನೀವು ಕಾಯ್ತಿದ್ರಿ.

ಸಾವಿತ್ರಕ್ಕ: ಆರು ವರ್ಷ ಕಾದೆ. ಆ ವರ್ಷ ಚೌತಿ ಕಳೆದು ಬಂತು. ನಾನು ಕೋರ್ಟಲ್ಲಿ ಸಹಿ ಹಾಕಿ ಎರಡು ತಿಂಗಳು ಆಗಿತ್ತು. ಫಾರಂನಲ್ಲಿ ಅಪ್ಪನ ಹೆಸರು. ತಗೊಂಡ್ರೆ ಹೆಬ್ಬೆಟ್ಟೋ ಸಹಿಯೋ ಹಾಕಬೇಕಲ್ಲ? ಬದುಕಿದ್ದಾನೆ ಅಂತ ನಾನೇ ಬರೆದುಕೊಟ್ಟ ಹಾಗೆ. ನಾಳೆ ಯಾರಾದ್ರೂ ಕೋರ್ಟಿಗೆ ತಂದು ತೋರಿಸಿದ್ರೆ? ಮೂವತ್ತೊಂದು ಮನೆಯವರು ಸುಮ್ನಿದ್ದಾರೆ, ನಾನೊಬ್ಬಳು ಸಿಕ್ಕಿ ಬೀಳಬೇಕಾ? ಬೇಡ ಅಂದೆ. ವಾಪಸ್ ಕಳಿಸು ಅಂದೆ.

ಚೈತ್ರಾ: ಅವರಿಗೆ ಬೇರೆ ಹಾಗೆ ಅರ್ಥ ಆಗಬಹುದು ಅಂತ...

ಸಾವಿತ್ರಕ್ಕ: ಅವತ್ತು ಹೊಳೀಲಿಲ್ಲ. ಆಮೇಲೆ ಮೂವತ್ಮೂರನೇ ಮನೆಗೆ ಸೈಕಲ್ ಬರಲೇ ಇಲ್ಲ. ಆಗ ಹೊಳೀತು. ಅಕ್ಕ ಮುಖ ತಿರುಗಿಸಿದಳು ಅಂದ್ಕೊಂಡಿದ್ದಾನೆ. ನೀರಿಗೆ ಹೋದ ಅಂತ ಊರು ಹೇಳಿದಾಗ ಅವನು ಕಳೆದು ಹೋಗಿರಲಿಲ್ಲ ಚೈತ್ರಾ. ಮಲ್ಪೇಲಿದ್ದ. ಬಸ್ ಹತ್ತಿದ್ರೆ ಸಂಜೆಯೊಳಗೆ ಸಿಗ್ತಿದ್ದ. ಅವನನ್ನ ಕಳೆದಿದ್ದು ನಾನು.

[ಮೌನ. ಹಾಲು ಉಕ್ಕುತ್ತದೆ, ಪಾತ್ರೆ ಇಳಿಸುವ ಸದ್ದು.]

ಚೈತ್ರಾ: ಕೋರ್ಟಿನ ತೀರ್ಪು ಬಂತಲ್ಲ. ಹಕ್ಕುಪತ್ರ?

ಸಾವಿತ್ರಕ್ಕ: ಇನ್ನೂ ಬಂದಿಲ್ಲ. ಜಾಗ ಅರಣ್ಯದ್ದು ಅಂತಾರೆ.

ಚೈತ್ರಾ: ಇದನ್ನೆಲ್ಲ ಹಾಕಬಹುದಾ, ಅಕ್ಕಾ? ಬೇಡ ಅಂದರೆ ಅಳಿಸುತ್ತೇನೆ.

ಸಾವಿತ್ರಕ್ಕ: ಹಾಕು. ಆದ್ರೆ ಇದನ್ನೂ ಸೇರಿಸು. ನನ್ನದು ಬಿಟ್ರೆ ಉಳಿದಿದ್ದು ಆರು ಮನೆ. ಒಂಬತ್ತು ಸಾವಿರ. ಅಡಿಕೆ ಸುಲಿದ ಕೂಲಿ, ಎಮ್ಮೆ ಕರು ಮಾರಿದ್ದು, ಎಲ್ಲ ಕೂಡಿಸಿ ಆರು ಮನೆಗೂ ಕೊಟ್ಟೆ. ಗಣಪತಿ ಕಳಿಸಿದ್ದಾನೆ ಅಂತಲೇ ಹೇಳಿ ಕೊಟ್ಟೆ. ಅವನ ಪುಸ್ತಕದಲ್ಲಿ ಆರು ಸಾಲು ಹಾಗೇ ಇರಬೇಕು. ಅದಕ್ಕೆ ಗೆರೆ ಎಳೀಲಿ. ನನ್ನ ಸಾಲು ಇಟ್ಟುಕೊಳ್ಳಲಿ. ಅದನ್ನ ಅವನೇ ಬಂದು ಕೊಡಬೇಕು.

[ತಂತ್ರಜ್ಞರಿಗೆ: ಕೊನೆಯ ಮಾತು ಮುಗಿದ ತಕ್ಷಣ ಮುದ್ರಣ ನಿಲ್ಲಲಿ. ನಟರ ಹೆಸರು ಮತ್ತು ಇದು ಕಟ್ಟುಕಥೆ ಎಂಬ ಸೂಚನೆಯನ್ನು ಕಂತಿನ ವಿವರಣೆಯಲ್ಲಿ ಬರೆದರೆ ಸಾಕು.]