ಟೆನ್ ಆಫ್ ವಾಂಡ್ಸ್, ಟೆಂಪರೆನ್ಸ್: ಎರಡೂ ಮನೆಯವರು ಒಪ್ಪದ ಮದುವೆಯ ಬಗ್ಗೆ ಕಾರ್ಡು ಹೇಳುವುದು

ಸಿರ್ಸಿಯ ಸಹೋದರಿಗೆ,

ನಿಮ್ಮ ಪ್ರಶ್ನೆಯನ್ನು ನೀವು ಬರೆದ ಮಾತಿನಲ್ಲಿಯೇ ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡು, ನಿನ್ನೆ ಸಂಜೆ ಕುಮಟಾದ ನನ್ನ ಮನೆಯಲ್ಲಿ ದೀಪ ಹಚ್ಚಿದ ನಂತರ ಎರಡು ಟ್ಯಾರೋ ಕಾರ್ಡುಗಳನ್ನು ತೆಗೆದೆ. ‘ಎರಡೂ ಮನೆಯವರು ಬೇಡ ಎನ್ನುತ್ತಿದ್ದಾರೆ, ನಾವು ಮದುವೆಯಾದರೆ ನೆಮ್ಮದಿಯಿಂದ ಬಾಳುತ್ತೇವೆಯೇ?’ ಎಂಬುದು ಆ ಪ್ರಶ್ನೆ. ಮೊದಲ ಕಾರ್ಡು ನೀವು ಈಗ ನಿಂತಿರುವ ಜಾಗವನ್ನೂ ಎರಡನೆಯದು ಮುಂದೆ ಹಿಡಿಯಬೇಕಾದ ದಾರಿಯನ್ನೂ ಹೇಳಲಿ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಮೊದಲು ಬಂದದ್ದು ಟೆನ್ ಆಫ್ ವಾಂಡ್ಸ್, ನಂತರ ಬಂದದ್ದು ಟೆಂಪರೆನ್ಸ್. ಎರಡೂ ನೆಟ್ಟಗೆ ಬಂದಿವೆ. ನಾನು ಬಳಸುವುದು 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳ ಕಟ್ಟು. ಕೆಳಗಿನ ಮಾತೆಲ್ಲ ಆ ಚಿತ್ರಗಳನ್ನು ನೋಡಿಯೇ ಬರೆದದ್ದು.

ಮೊದಲ ಚಿತ್ರದಲ್ಲಿ ಒಬ್ಬ ಮನುಷ್ಯ ಹತ್ತು ಕೋಲುಗಳನ್ನು ಎರಡೂ ಕೈಯಿಂದ ತಬ್ಬಿಕೊಂಡು, ಬೆನ್ನು ಬಾಗಿಸಿ, ದೂರದ ಮನೆಗಳ ಕಡೆಗೆ ನಡೆಯುತ್ತಿದ್ದಾನೆ. ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಹೊರೆ ಇಳಿಸುವುದನ್ನು ಚಿಕ್ಕಂದಿನಿಂದ ನೋಡಿದ ನಿಮಗೆ ಈ ಭಾರವನ್ನು ನಾನು ವಿವರಿಸಬೇಕಾಗಿಲ್ಲ. ಆದರೆ ಸೊಪ್ಪಿನ ಹೊರೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಹೊರೆ ಹೊರುವವರು ತಲೆಗೆ ಸಿಂಬೆ ಇಟ್ಟು ಭಾರವನ್ನು ಮೇಲೆ ಕೂರಿಸುತ್ತಾರೆ, ಕಣ್ಣಿನ ಮುಂದೆ ದಾರಿ ಬಿಚ್ಚಿರುತ್ತದೆ. ಇವನು ಕೋಲುಗಳನ್ನು ಮುಖಕ್ಕೆ ಅಡ್ಡವಾಗಿ ಹಿಡಿದಿದ್ದಾನೆ. ಹೋಗಬೇಕಾದ ಮನೆ ಎದುರಿಗೇ ಇದ್ದರೂ ಅದು ಅವನಿಗೆ ಕಾಣುತ್ತಿಲ್ಲ.

ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದಾಗ ಈ ಕೋಲುಗಳನ್ನು ಒಂದೊಂದಾಗಿ ಗುರುತಿಸಲು ಸಾಧ್ಯವಾಯಿತು. ತಂಗಿಗೆ ಮುಂದೆ ಸಂಬಂಧ ಸಿಗಲಿಕ್ಕಿಲ್ಲ ಎಂಬ ಭಯ ನಿಮ್ಮ ಅಪ್ಪಯ್ಯನದು. ಸಂಘ, ಮಠ, ನೆಂಟರು ಏನೆಂದಾರು ಎಂಬ ಸಂಕೋಚವೂ ಅವರದೇ. ಮೀನಿನ ವಾಸನೆಯೆಂದು ಅಡುಗೆಮನೆಗೆ ಕಾಲಿಡದ ಸೊಸೆ ಬಂದರೆ ತನ್ನ ಮನೆಯಲ್ಲಿ ತಾನೇ ಪರಕೀಯಳಾಗಬೇಕಾಗುತ್ತದೆ ಎಂಬ ಅಳುಕು ನಿಮ್ಮ ಹುಡುಗನ ತಾಯಿಯದು. ಇದನ್ನು ನೀವು ‘ಹಟ’ ಎಂದು ಬರೆದಿದ್ದೀರಿ, ನನಗೆ ಮಾತ್ರ ಅದು ಅವಮಾನವಾದೀತೆಂಬ ಹೆದರಿಕೆಯಂತೆ ಕಂಡಿತು. ಇನ್ನೊಂದು ಕೋಲನ್ನು ಹೆಸರಿಸಲೇಬೇಕು. ನಿಮ್ಮ ಹುಡುಗ ತನ್ನ ತಂದೆಯ ಎದುರು ಈ ವಿಷಯವನ್ನು ಇದುವರೆಗೆ ಒಂದು ಸಲವೂ ನೇರವಾಗಿ ಎತ್ತಿಲ್ಲ. ಅವರ ತಾಯಿಗೆ ಫೋನ್ ಮಾಡುವವರು ನೀವು, ಅರ್ಧಂಬರ್ಧ ಕೊಂಕಣಿಯಲ್ಲಿ ಸಮಾಧಾನ ಹೇಳುವವರು ನೀವು, ಅಲ್ಲಿಂದ ಬಂದ ಮಾತನ್ನು ನಯಗೊಳಿಸಿ ನಿಮ್ಮ ಆಯಿಗೆ ತಲುಪಿಸುವವರೂ ನೀವೇ. ಆ ಕೋಲು ನಿಮ್ಮ ಹುಡುಗನದು. ಅದನ್ನು ನೀವು ಪ್ರೀತಿಯಿಂದಲೇ ಎತ್ತಿಕೊಂಡಿದ್ದೀರಿ, ಆದರೂ ಅದನ್ನು ಅವರ ಕೈಗೆ ಕೊಡಬೇಕೆಂದು ಈ ಕಾರ್ಡು ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿ ಸಣ್ಣದೊಂದು ವಿವರಣೆ. ಟ್ಯಾರೋದ ಪಾಶ್ಚಾತ್ಯ ಪದ್ಧತಿಯಲ್ಲಿ ಟೆನ್ ಆಫ್ ವಾಂಡ್ಸ್ ಧನು ರಾಶಿಯಲ್ಲಿರುವ ಶನಿಗೆ ಸೇರಿದ್ದು. ಟೆಂಪರೆನ್ಸ್ ಧನು ರಾಶಿಗೇ ಸೇರಿದ್ದು. ಜಾತಕದಲ್ಲಿ ಶನಿಯ ಕಾಟವಿದೆ ಎಂದು ನಿಮ್ಮ ಅಪ್ಪಯ್ಯ ಹೇಳುತ್ತಿರುವುದಕ್ಕೂ ಈ ಲೆಕ್ಕಕ್ಕೂ ಸಂಬಂಧ ಕಲ್ಪಿಸಬೇಡಿ. ನಾನು ಇದನ್ನು ಹೇಳುತ್ತಿರುವುದು ಎರಡು ಕಾರ್ಡುಗಳೂ ಒಂದೇ ರಾಶಿಯಿಂದ ಬಂದಿವೆ ಎಂಬ ಕಾರಣಕ್ಕೆ. ಎರಡನೆಯ ಕಾರ್ಡಿನ ಶಾಂತಿ ಬೇರೆಲ್ಲಿಂದಲೋ ಬರುವುದಲ್ಲ. ಇಷ್ಟು ದಿನ ಭಾರ ಹೊತ್ತ ಶಕ್ತಿಯೇ ಹದಕ್ಕೆ ಬಂದಾಗ ಅದು ಸಿಗುತ್ತದೆ.

ಟೆಂಪರೆನ್ಸ್ ಹದಿನಾಲ್ಕನೆಯ ಕಾರ್ಡು. ರೆಕ್ಕೆಯುಳ್ಳ ದೇವದೂತನ ಒಂದು ಪಾದ ನೆಲದ ಮೇಲಿದೆ, ಇನ್ನೊಂದು ನೀರಿನಲ್ಲಿದೆ. ಕೈಯಲ್ಲಿ ಎರಡು ಬಟ್ಟಲುಗಳಿದ್ದು, ಒಂದರಿಂದ ಇನ್ನೊಂದಕ್ಕೆ ನೀರು ಹರಿಯುತ್ತಿದೆ. ಘಟ್ಟದ ಮೇಲಿನ ಅಡಿಕೆ ತೋಟದ ಮನೆ, ಕಾರವಾರದ ಬೈತಖೋಲ ಬಂದರಿನ ಬದಿಯ ಮನೆ: ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಚಿತ್ರ ಈ ಕಟ್ಟಿನಲ್ಲಿಲ್ಲ. ದೇವದೂತ ನೀರಿನಿಂದ ಕಾಲು ಎತ್ತಿಲ್ಲ, ನೆಲವನ್ನೂ ಬಿಟ್ಟಿಲ್ಲ. ಆದ್ದರಿಂದ ‘ನಾನು ನನ್ನವರನ್ನು ಬಿಟ್ಟೇ ಬರಬೇಕೇ’ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಈ ಕಾರ್ಡಿನ ಉತ್ತರ ಬೇಡ ಎಂದೇ ಇದೆ.

ಆದರೆ ಬೆರೆಸುವುದಕ್ಕೂ ಒಂದು ಕ್ರಮವಿದೆ, ಅದು ನಿಮ್ಮ ಮನೆಯವರಿಗೇ ಚೆನ್ನಾಗಿ ಗೊತ್ತು. ಮಳೆಗಾಲಕ್ಕೆ ಮುಂಚೆ ಕೊಳೆ ರೋಗಕ್ಕೆಂದು ಅಪ್ಪಯ್ಯ ಬೋರ್ಡೋ ಮಿಶ್ರಣ ಮಾಡುವುದನ್ನು ನೆನಪಿಸಿಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕದಡುತ್ತಿರಬೇಕು. ಕೊನೆಗೆ ಕತ್ತಿಯ ಅಲಗನ್ನು ಅದ್ದಿ ತೆಗೆದು, ಅದರ ಮೇಲೆ ತಾಮ್ರದ ಕೆಂಪು ಕಂಡರೆ ಹದ ಬಂದಿಲ್ಲವೆಂದು ಇನ್ನಷ್ಟು ಸುಣ್ಣ ಹಾಕುತ್ತಾರೆ. ಟೆಂಪರೆನ್ಸ್ ಕೇಳುವುದು ಇದನ್ನೇ. ಎರಡೂ ಕಡೆಯ ಹಿರಿಯರನ್ನು ಒಂದೇ ದಿನ ಒಂದೇ ಚಾವಡಿಯಲ್ಲಿ ಕೂರಿಸಿ ತೀರ್ಮಾನ ಮಾಡಿಸಬೇಕೆಂಬ ನಿಮ್ಮ ಯೋಚನೆಯನ್ನು ಈಗ ಕೈಬಿಡಿ. ಮೊದಲು ಒಬ್ಬರು ಇನ್ನೊಬ್ಬರನ್ನು ನೋಡಲಿ. ನಿಮ್ಮ ಸೋದರಮಾವ ಮೃದು ಸ್ವಭಾವದವರು ಎಂದು ಬರೆದಿದ್ದೀರಿ. ಅವರು ಹುಡುಗನನ್ನು ಒಮ್ಮೆ ಹೊರಗೆಲ್ಲಾದರೂ ಭೇಟಿಯಾಗಲಿ. ಆ ಭೇಟಿಯ ನಂತರ ಮನೆಯ ಮಾತಿನ ಬಣ್ಣ ಹೇಗೆ ತಿರುಗುತ್ತದೆ ಎಂದು ನೋಡಿ ಮುಂದಿನ ಹೆಜ್ಜೆ ಇಡಿ.

ಕಾಲದ ಬಗ್ಗೆಯೂ ಕೇಳಿದ್ದೀರಿ. ಇಂಥ ದಿನವೇ ಎಂದು ಕಾರ್ಡು ಹೇಳುವುದಿಲ್ಲ, ಹಾಗೆ ಹೇಳುವುದು ನನ್ನ ಪದ್ಧತಿಯೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟು ದಡದಲ್ಲಿರುತ್ತದೆ, ಹುಡುಗನ ತಂದೆ ಮನೆಯಲ್ಲಿರುತ್ತಾರೆ. ತನ್ನ ಕೋಲನ್ನು ತಾನು ಎತ್ತಿಕೊಳ್ಳಲು ಹುಡುಗನಿಗೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಅಲ್ಲಿಯವರೆಗೆ ನೀವು ಅವರ ತಾಯಿಗೆ ಫೋನ್ ಮಾಡುವುದನ್ನು ನಿಲ್ಲಿಸಿ. ಅವರಾಗಿ ಮಾಡಿದರೆ ಪ್ರೀತಿಯಿಂದ ಮಾತನಾಡಿ, ಮದುವೆಯ ವಿಷಯವನ್ನು ಮಾತ್ರ ಮಗನ ಬಾಯಿಂದಲೇ ಕೇಳಲು ಬಿಡಿ.

ತಾಳ್ಮೆ ಎಂದರೆ ಎಲ್ಲವನ್ನೂ ಸಹಿಸುವುದು ಎಂದು ದಯವಿಟ್ಟು ತಿಳಿಯಬೇಡಿ. ನಿಮಗೆ 27, ಅವರಿಗೆ 30. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದ ಮೇಲೆ ಕುಟುಂಬದ ಅಥವಾ ಸಮಾಜದ ಅನುಮತಿ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. ಯಾರಾದರೂ ನಿಮ್ಮನ್ನು ಕೂಡಿಹಾಕಿದರೆ, ಬೆದರಿಸಿದರೆ, ಕೈ ಮಾಡಿದರೆ, ಅಲ್ಲಿಗೆ ಈ ಓದಿನ ಮಾತು ಮುಗಿಯಿತು. ತಕ್ಷಣ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಟೆಂಪರೆನ್ಸ್ ಚಿತ್ರದ ಹಿಂಬದಿಯಲ್ಲಿ, ಕೊಳದ ಅಂಚಿನಿಂದ ಹೊರಟ ಕಿರಿದಾದ ದಾರಿಯೊಂದು ಬೆಟ್ಟಗಳ ನಡುವಿನ ಬೆಳಕಿನವರೆಗೂ ಏರುತ್ತದೆ. ಆದುದರಿಂದ ಈ ಮದುವೆ ಆಗುತ್ತದೆಂದು, ನಿಧಾನವಾಗಿ ಆಗುತ್ತದೆಂದು ನಾನು ಓದುತ್ತೇನೆ. ನಿಮ್ಮ ಆಯಿ ಮೊದಲು ಕರಗುತ್ತಾರೆ, ಅಪ್ಪಯ್ಯ ಕೊನೆಗೆ. ಮೂರನೆಯ ಕಾರ್ಡನ್ನು ನಾನು ತೆಗೆದಿಲ್ಲ. ಹುಡುಗ ತಂದೆಯ ಜೊತೆ ಮಾತನಾಡಿದ ಮೇಲೆ, ಆ ಮಾತು ಹೇಗೆ ನಡೆಯಿತೆಂದು ಇಬ್ಬರೂ ಸೇರಿ ನನಗೆ ಬರೆಯಿರಿ, ಆಗ ತೆಗೆಯುತ್ತೇನೆ.