ಪಾಲಿನ ದಾವೆಯ ಪದಗಳು: ಕನ್ನಡ ಮಾಧ್ಯಮದಿಂದ ಎಲ್‌ಎಲ್‌ಬಿಗೆ ಬಂದ ನಿನಗೆ

ಪುಟ್ಟಿ, ಅಕ್ಷರದ ಸಾಲಿನಲ್ಲಿ ಬರೆದಿಲ್ಲ. ಕೇಸು ಸಾಗುವ ದಾರಿಯಲ್ಲೇ ಬರೆದಿದ್ದೇನೆ. ಅಣ್ಣ ಪಾಲು ಕೊಡಲಿಲ್ಲ, ತಂಗಿ ಕೋರ್ಟಿಗೆ ಹೋದಳು ಅಂದುಕೋ. ಇವುಗಳಲ್ಲಿ ಅರ್ಧ ಮಾತು ಊರಿನಲ್ಲಿ ಕೇಳಿಯೇ ಇರುತ್ತೀಯ. ಪಕ್ಕದ ಇಂಗ್ಲಿಷ್ ಪದವನ್ನು ಬಾಯಿಬಿಟ್ಟು ಓದು.

ಪಾರ್ಟಿಷನ್ ಸೂಟ್ — ಪಾಲು ವಿಭಾಗದ ದಾವೆ. ಸೂಟ್ ಅಂದರೆ ಸಿವಿಲ್ ದಾವೆ ಮಾತ್ರ. ಕಳ್ಳತನದ ಕೇಸಿಗೆ ಈ ಪದ ಬಳಸಬೇಡ.

ಪ್ಲೇಂಟಿಫ್ — ವಾದಿ, ಇಲ್ಲಿ ತಂಗಿ. ಡಿಫೆಂಡೆಂಟ್ — ಪ್ರತಿವಾದಿ, ಅಣ್ಣ.

ಕೋಪಾರ್ಸನರ್ — ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕಿರುವವರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಪರೀಕ್ಷೆಗೆ ಮಾತ್ರವಲ್ಲ, ಮನೆಯವರಿಗೂ ಇದನ್ನು ಹೇಳು.

ಪ್ಲೇಂಟ್ — ವಾದಪತ್ರ. ಕೊನೆಯಲ್ಲಿ ಷೆಡ್ಯೂಲ್ ಇರುತ್ತದೆ, ಅಂದರೆ ಆಸ್ತಿಯ ವಿವರ. ಅದರಲ್ಲಿ ಬೌಂಡರೀಸ್ — ಚೆಕ್ಕುಬಂದಿ: 'ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಹಳ್ಳ.' ಇದನ್ನು ಪಹಣಿ, ಕ್ರಯಪತ್ರಗಳ ಜೊತೆ ಇಟ್ಟು ಓದುವುದನ್ನು ಈಗಲೇ ರೂಢಿ ಮಾಡಿಕೋ.

ಸೇಲ್ ಡೀಡ್ — ಕ್ರಯಪತ್ರ. ಗಿಫ್ಟ್ ಡೀಡ್ — ದಾನಪತ್ರ. ವಿಲ್ — ಉಯಿಲು, ಮರಣಶಾಸನ.

ರಿಟನ್ ಸ್ಟೇಟ್‌ಮೆಂಟ್ — ಪ್ರತಿವಾದಿಯ ಲಿಖಿತ ಹೇಳಿಕೆ. ಸಮನ್ಸ್ ಮುಟ್ಟಿದ 30 ದಿನದೊಳಗೆ ಕೊಡಬೇಕು. ಕಾರಣ ಬರೆದು ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು.

ಇಂಜಂಕ್ಷನ್ — ನಿರ್ಬಂಧಕಾಜ್ಞೆ. ಕೇಸು ಮುಗಿಯುವ ತನಕ ಅಣ್ಣ ಜಮೀನು ಮಾರದಂತೆ ತಡೆಯುವುದು. ಸ್ಟೇ — ತಡೆಯಾಜ್ಞೆ. ಜನ ಎರಡಕ್ಕೂ 'ಸ್ಟೇ ತಂದರು' ಅನ್ನುತ್ತಾರೆ, ನೀನು ಬೇರೆ ಬೇರೆ ಇಟ್ಟುಕೋ: ಮೊದಲನೆಯದು ಕಕ್ಷಿಯ ಕೈ ಕಟ್ಟುತ್ತದೆ, ಎರಡನೆಯದು ಸಾಮಾನ್ಯವಾಗಿ ಒಂದು ಆದೇಶವನ್ನೋ ಕಲಾಪವನ್ನೋ ನಿಲ್ಲಿಸುತ್ತದೆ.

ಇಷ್ಯೂಸ್ — ವಿವಾದಾಂಶಗಳು. ಕ್ಲಾಸಿನಲ್ಲಿ ಕೇಸು ಓದುವಾಗ ಮೊದಲು ಇವನ್ನೇ ಹುಡುಕು.

ಚೀಫ್ ಎಕ್ಸಾಮಿನೇಷನ್ — ಮುಖ್ಯ ವಿಚಾರಣೆ. ಕ್ರಾಸ್ ಎಕ್ಸಾಮಿನೇಷನ್ — ಪಾಟೀಸವಾಲು.

ಪ್ರಿಲಿಮಿನರಿ ಡಿಕ್ರಿ — ಪ್ರಾಥಮಿಕ ಡಿಕ್ರಿ. ಹುಡುಗರು ಜಾಸ್ತಿ ಎಡವುವುದು ಇಲ್ಲೇ. ತಂಗಿಗೆ ಅರ್ಧ ಪಾಲು ಎಂದು ಕೋರ್ಟು ಹೇಳಿತು ಅನ್ನು. ಹಕ್ಕು ತೀರ್ಮಾನವಾಯಿತು, ನೆಲ ಇನ್ನೂ ಒಂದೇ. ಯಾವ ಅರ್ಧ ಯಾರಿಗೆ ಎಂದು ಗುರುತಾಗಿ ಬರುವುದು ಫೈನಲ್ ಡಿಕ್ರಿ — ಅಂತಿಮ ಡಿಕ್ರಿ. ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 54 ನೋಡು: ಮೂಲ ಸೆಕ್ಷನ್‌ನಂತೆ ಅದನ್ನು ಹಂಚುವ ಕೆಲಸ ಕಂದಾಯ ಅಧಿಕಾರಿಗಳದು, ಆದರೆ ಕರ್ನಾಟಕದ ತಿದ್ದುಪಡಿಯಂತೆ ಕೋರ್ಟೇ ಹಂಚುತ್ತದೆ, ಬೇಕಾದರೆ ಕಂದಾಯ ಅಧಿಕಾರಿಯ ಅಥವಾ ತಾನು ನೇಮಿಸಿದ ಕಮಿಷನರ್‌ನ ವರದಿ ಪಡೆಯುತ್ತದೆ. ಡಿಕ್ರಿ ಕೈಗೆ ಬಂದರೂ ಎಷ್ಟೋ ಹೆಣ್ಣುಮಕ್ಕಳು ಹೊಲಕ್ಕೆ ಇಳಿಯಲಾಗದೆ ಕಾಯುತ್ತಿರುತ್ತಾರೆ. ಅವರಿಗೆ ಈ ಹಂತವನ್ನು ಬಿಡಿಸಿ ಹೇಳುವ ವಕೀಲರು ಬೇಕು.

ಅಪೀಲ್ — ಮೇಲ್ಮನವಿ. ಡಿಕ್ರಿಯ ದಿನದಿಂದ ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ.

ಲಿಮಿಟೇಷನ್ — ಕಾಲಮಿತಿ. ಮೇಲಿನ ಮೇಲ್ಮನವಿಯ ದಿನಗಳು ಬರುವುದು 1963ರ ಕಾಯ್ದೆಯಿಂದ. ಗಡುವು ಮೀರಿದರೆ ಕಂಡೊನೇಷನ್ ಆಫ್ ಡಿಲೇ — ವಿಳಂಬ ಮನ್ನಿಸಲು ಅರ್ಜಿ, ಸೆಕ್ಷನ್ 5. ಇದು ಮೇಲ್ಮನವಿಗೆ, ಅರ್ಜಿಗೆ ಸಿಗುತ್ತದೆ. ಹೊಸ ದಾವೆಗೆ ಸಿಗುವುದಿಲ್ಲ.